ಸೇಬು ಅನ್ನು, ನೋಡೋಣ

ಪೋರ್ಟಲ್ 2 ಅನ್ನುವ ವಿಡಿಯೋ ಗೇಮ್ ಶುರುವಾಗಿ ಇನ್ನೂ ಕೆಲವೇ ನಿಮಿಷ ಆಗಿರುತ್ತದೆ. ಹಳೇ ಲಾಡ್ಜ್ ರೂಮಿನಂಥ ಒಂದು ಕೋಣೆಯಲ್ಲಿ ನೀವು ಎದ್ದು ಕೂತಿದ್ದೀರಿ. ಎಷ್ಟು ಕಾಲ ಮಲಗಿದ್ದಿರೋ ಗೊತ್ತಿಲ್ಲ. ಬಾಗಿಲು ತೆಗೆದರೆ ವೀಟ್ಲಿ ಅನ್ನುವ ಒಂಟಿ ಕಣ್ಣಿನ ಗುಂಡು ರೋಬೋ. ಅದಕ್ಕೆ ಬಾಯಿ ಮುಚ್ಚಿ ಅಭ್ಯಾಸವೇ ಇಲ್ಲ. ಇಷ್ಟು ದಿನ ಮಲಗಿದವರ ಮಿದುಳಿಗೆ ಏನಾದರೂ ಆಗಿರಬಹುದು ಅಂತ ಅದರ ಅನುಮಾನ. ನಾನು ಹೇಳಿದ್ದು ಅರ್ಥ ಆಯ್ತಾ, ಆಯ್ತು ಅಂದರೆ ಸಾಕು ಅನ್ನುತ್ತದೆ. ಮಾತಾಡಲು ಯಾವ ಗುಂಡಿ ಒತ್ತಬೇಕು ಅಂತ ಸ್ಕ್ರೀನ್ ಮೇಲೆ ಸೂಚನೆ ಬರುತ್ತದೆ. ಒತ್ತುತ್ತೀರಿ. ನಿಮ್ಮ ಪಾತ್ರ ಜಿಗಿಯುತ್ತದೆ.

ವೀಟ್ಲಿಗೆ ಗಾಬರಿ. ನೀನೀಗ ಮಾಡಿದ್ದು ಜಿಗಿತ, ಮಾತಲ್ಲ ಅಂತ ಮೆಲ್ಲಗೆ ತಿದ್ದುತ್ತದೆ. ಇರಲಿ, ಸುಲಭದ್ದು ಕೊಡೋಣ, ಸೇಬು ಅನ್ನು ನೋಡೋಣ ಅನ್ನುತ್ತದೆ. ಮತ್ತೆ ಸೂಚನೆ, ಮತ್ತೆ ಗುಂಡಿ, ಮತ್ತೆ ಜಿಗಿತ.

ನಾನು ಇದನ್ನು ಮೊದಲ ಸಲ ಆಡಿದಾಗ ತಂಗಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ಅಣ್ಣಾ, ಇವಳಿಗೆ ಮಾತು ಬರಲ್ವಾ?" ಅಂದಳು. ನಾನು ತಪ್ಪು ಗುಂಡಿ ಒತ್ತಿದೆನೇನೋ ಅಂದುಕೊಂಡು ಇನ್ನೆರಡು ಸಲ ಜಿಗಿದೆ. ಆಮೇಲೆ ಇಬ್ಬರಿಗೂ ತಮಾಷೆ ಹೊಳೆದು ನಕ್ಕೆವು. ನಗು ನಿಂತ ಮೇಲೂ ಅವಳ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಎಷ್ಟೋ ವರ್ಷ ಆಡಿಕೊಂಡು ಬಂದಿದ್ದೆ. ಮಾತಾಡದ ನಾಯಕರನ್ನು ಎಷ್ಟೋ ಜನರನ್ನು ಹೊತ್ತುಕೊಂಡು ತಿರುಗಿದ್ದೆ. ಅವರಿಗೆ ಯಾಕೆ ಮಾತು ಕೊಟ್ಟಿಲ್ಲ ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಈ ಜೋಕನ್ನು ಬರೆದ ವಾಲ್ವ್ ಕಂಪನಿ ಆ ಹೊತ್ತಿಗೆ ಮೂಕ ನಾಯಕನ ಜೊತೆ 13 ವರ್ಷ ಸಂಸಾರ ಮಾಡಿತ್ತು. 1998ರ ಹಾಫ್-ಲೈಫ್‌ನಿಂದ 2011ರ ಪೋರ್ಟಲ್ 2ರವರೆಗೆ. ತನ್ನ ಗಾಯ ತಾನೇ ಕೆರೆದುಕೊಂಡು ನಕ್ಕ ಹಾಗಿದೆ ಅದು. ಹಾಗಾಗಿ ಇಲ್ಲಿ ಜಾಸ್ತಿ ಅವರ ಆಟಗಳ ಬಗ್ಗೆಯೇ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೀರಾ ಹಳೇ ಆಟಗಳಲ್ಲಿ ನಾಯಕ ಸುಮ್ಮನಿದ್ದದ್ದಕ್ಕೆ ದೊಡ್ಡ ಕಾರಣ ಹುಡುಕಬೇಕಿಲ್ಲ. ಆಗ ಯಾರ ದನಿಯನ್ನೂ ತುಂಬಿಸುವಷ್ಟು ಜಾಗ ಇರಲಿಲ್ಲ, ಅಷ್ಟೇ. ಎಲ್ಲರಿಗೂ ದನಿ ಬಂದ ಮೇಲೂ ನಾಯಕನೊಬ್ಬನನ್ನು ಸುಮ್ಮನೆ ಬಿಟ್ಟರಲ್ಲ, ಆಗಿನಿಂದ ಅದು ಯಾರೋ ಕೂತು ಮಾಡಿದ ತೀರ್ಮಾನ.

ಇನ್ನೊಂದು. ಸುಮ್ಮನಿರುವುದರಲ್ಲೂ ಎರಡು ಬಗೆ ಇದೆ. ಜೆಲ್ಡಾ ಆಟಗಳ ಲಿಂಕ್ ನಿಜವಾಗಿ ಮಾತಾಡುತ್ತಾನೆ, ನಮಗೆ ಕೇಳಿಸುವುದಿಲ್ಲ. ಎದುರಿನವರು ಕೇಳಿದ್ದಕ್ಕೆ ನಾವು ಎರಡು ಮೂರು ಉತ್ತರಗಳಲ್ಲಿ ಒಂದನ್ನು ಆರಿಸುತ್ತೇವೆ, ಅವರು ಕೇಳಿಸಿಕೊಂಡವರಂತೆ ಮುಂದುವರಿಯುತ್ತಾರೆ. 2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಸುತ್ತಲಿನ ಮುಖ್ಯ ಪಾತ್ರಗಳಿಗೆ ದನಿ ಬಂತು, ಲಿಂಕ್‌ಗೆ ಬರಲಿಲ್ಲ. ಆ ಆಟದಲ್ಲಿ ರಾಜಕುಮಾರಿ ಜೆಲ್ಡಾಳ ಡೈರಿ ಸಿಗುತ್ತದೆ. ಯಾಕಿಷ್ಟು ಮೌನ ಅಂತ ಅವಳು ಕೊನೆಗೂ ಕೇಳಿಯೇಬಿಟ್ಟಳಂತೆ. ಎಲ್ಲರ ಕಣ್ಣೂ ತನ್ನ ಮೇಲಿದೆ, ಗಟ್ಟಿಯಾಗಿರಬೇಕು, ಎಲ್ಲವನ್ನೂ ಸುಮ್ಮನೆ ಹೊರಬೇಕು ಅಂತ ಅನಿಸುತ್ತದೆ ಎಂದು ಅವನು ಹೇಳಿದನಂತೆ. ಹೇಳಿದನಂತೆ! ಅಂದರೆ ಬಾಯಿ ಇದೆ. ನಮ್ಮ ಮುಂದೆ ತೆರೆಯುವುದಿಲ್ಲ, ಅಷ್ಟೇ.

ಹಾಫ್-ಲೈಫ್‌ನ ಗಾರ್ಡನ್ ಫ್ರೀಮನ್ ಹಾಗಲ್ಲ. ಉತ್ತರ ಆರಿಸುವ ಪಟ್ಟಿ ಇಲ್ಲ. ಡೈರಿ ಇಲ್ಲ. ಆಟ ನಿಲ್ಲಿಸಿ ಸಿನಿಮಾದ ಹಾಗೆ ತೋರಿಸುವ ಕಟ್‌ಸೀನ್ ಇಲ್ಲ. ಡಬ್ಬಿಯ ಮೇಲೆ ಕನ್ನಡಕ, ಗಡ್ಡ ಕಾಣುತ್ತದೆ. ಆಟದೊಳಗೆ ಮಾತ್ರ ಕ್ಯಾಮೆರಾ ಅವನ ಕಣ್ಣು ಬಿಟ್ಟು ಹೊರಗೆ ಬರುವುದೇ ಇಲ್ಲ. ಆದರೂ ಅವನ ಸುತ್ತ ಇರುವವರು ಬೇಕಾದಷ್ಟು ಮಾತಾಡುತ್ತಾರೆ, ಅದೂ ಅವನ ಮುಖ ನೋಡಿಕೊಂಡು. ಕಷ್ಟದ ಕೆಲಸ ಇದು. ಮಾತು ಅಂದರೆ ಇಬ್ಬರ ಆಟ. ಒಬ್ಬ ಯಾವತ್ತೂ ಚೆಂಡು ಹಿಂದಿರುಗಿಸುವುದಿಲ್ಲ ಅಂತ ಗೊತ್ತಿದ್ದೂ ಇನ್ನೊಬ್ಬ ಎಸೆಯುತ್ತಾ ಇರಬೇಕು. ನೋಡುವವರಿಗೆ ಅದು ವಿಚಿತ್ರವಾಗಿಯೂ ಕಾಣಬಾರದು.

ಹಾಗಿದ್ದರೆ ದನಿ ಕೊಟ್ಟುಬಿಡಬಹುದಿತ್ತಲ್ಲ? ನನಗೆ ಸರಿ ಅನಿಸಿದ ಕಾರಣ ಇದು. ಆ ಪಾತ್ರದ ಮೈ ಆಡುವವರ ಕೈಯಲ್ಲಿದೆ. ಪ್ರೊಫೆಸರ್ ಒಬ್ಬರು ಪ್ರಪಂಚ ಮುಳುಗುವ ವಿಷಯ ಹೇಳುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಆಗ ನಾನು ಏನು ಮಾಡುತ್ತಿರುತ್ತೇನೆ? ಮೇಜಿನ ಮೇಲೆ ಹತ್ತಿ ಕುಣಿಯುತ್ತಿರುತ್ತೇನೆ. ಕಪ್ಪು ಎತ್ತಿ ಗೋಡೆಗೆ ಎಸೆಯುತ್ತಿರುತ್ತೇನೆ. ಅದೇ ಹೊತ್ತಿಗೆ ನನ್ನ ಗಂಟಲಿನಿಂದ ಯಾರೋ ನಟನ ಗಂಭೀರ ದನಿ "ಅಯ್ಯೋ ದೇವರೇ, ಹಾಗಾದರೆ ನಮಗೆ ಸಮಯ ಬಹಳ ಕಡಿಮೆ" ಅಂದರೆ? ಮೈ ಒಬ್ಬನದು, ದನಿ ಇನ್ನೊಬ್ಬನದು ಅಂತ ತಕ್ಷಣ ಗೊತ್ತಾಗುತ್ತದೆ. ಇದಕ್ಕೆ ದಾರಿ ಎರಡೇ. ಮಾತಿನ ಹೊತ್ತಿನಲ್ಲಿ ಆಡುವವರ ಕೈ ಕಟ್ಟಬೇಕು, ಇಲ್ಲವೇ ಪಾತ್ರದ ಬಾಯಿ ಕಟ್ಟಬೇಕು. ಬಹಳಷ್ಟು ಆಟಗಳು ಕೈ ಕಟ್ಟುತ್ತವೆ, ಕಟ್‌ಸೀನ್ ಅಂದರೆ ಅದೇ. ವಾಲ್ವ್ ಬಾಯಿ ಕಟ್ಟಿತು.

ಬಾಯಿ ಕಟ್ಟಿದ ಮೇಲೆ ಉತ್ತರ ಕೊಡುವ ಕೆಲಸ ಕೈಗೆ ಬಂತು. ಮೊದಲ ಹಾಫ್-ಲೈಫ್‌ನ ಶುರುವಿನಲ್ಲೇ ಇದು ಕಾಣುತ್ತದೆ. ಪ್ರಯೋಗಶಾಲೆಯಲ್ಲಿ ಯಂತ್ರ ಚಾಲೂ ಆಗಿದೆ, ವಿಜ್ಞಾನಿಗಳು ಮೇಲಿನಿಂದ ಮೈಕಿನಲ್ಲಿ ಹೇಳುತ್ತಿದ್ದಾರೆ. ಆ ಗಾಡಿಯನ್ನು ತಳ್ಳಿ ಹರಳನ್ನು ಕಿರಣದೊಳಗೆ ಸೇರಿಸಬೇಕು. ನೀವೇ ತಳ್ಳಬೇಕು. ತಳ್ಳುವವರೆಗೂ ಕಥೆ ಮುಂದೆ ಹೋಗುವುದಿಲ್ಲ. ತಳ್ಳಿದ ಮರುಕ್ಷಣ ಎಲ್ಲ ಹಾಳಾಗುತ್ತದೆ. ಅಲ್ಲಿ ಗಾರ್ಡನ್‌ಗೆ "ಛೆ, ನಾನೇನು ಮಾಡಿಬಿಟ್ಟೆ" ಅನ್ನುವ ಡೈಲಾಗ್ ಇದ್ದಿದ್ದರೆ ಆ ತಪ್ಪು ಅವನದಾಗುತ್ತಿತ್ತು. ಡೈಲಾಗ್ ಇಲ್ಲ, ಹಾಗಾಗಿ ನನ್ನದಾಯಿತು.

ಅದೇ ಆಟದಲ್ಲಿ ಊಟದ ಕೋಣೆಯ ಮೈಕ್ರೋವೇವ್‌ನಲ್ಲಿ ಯಾರದೋ ಊಟ ಬಿಸಿಯಾಗುತ್ತಿರುತ್ತದೆ. ಸುಮ್ನೆ ಗುಂಡಿ ಒತ್ತುತ್ತಾ ಹೋದರೆ ಅದು ಸಿಡಿದು ಹಾಳಾಗುತ್ತದೆ. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ. 9 ವರ್ಷ ಬಿಟ್ಟು 2007ರಲ್ಲಿ ಬಂದ ಹಾಫ್-ಲೈಫ್ 2: ಎಪಿಸೋಡ್ ಟೂನಲ್ಲಿ ಮ್ಯಾಗ್ನಸನ್ ಅನ್ನುವ ಸಿಡುಕು ಮುದುಕ ಆ ಮೈಕ್ರೋವೇವ್ ವಿಷಯ ಎತ್ತುತ್ತಾನೆ. ಈ ಕೆಲಸ ಮಾಡಿಕೊಟ್ಟರೆ ಅದನ್ನು ಮರೆತುಬಿಡುತ್ತೇನೆ ಅನ್ನುತ್ತಾನೆ. ಒಂದು ಮಾತೂ ಆಡದ ಗಾರ್ಡನ್‌ಗೆ ಗುಣ ಬಂದಿದ್ದು ಹೀಗೆ. ಅವನು ತುಂಟ, ಯಾಕಂದರೆ ನಾವು ತುಂಟರು.

ಈಗ 2004ರ ಹಾಫ್-ಲೈಫ್ 2ರ ಮೊದಲ ಅರ್ಧ ಗಂಟೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಕಥೆ ಬಿಟ್ಟು ಬರೀ ಮಾತಿನ ಕಡೆ ಗಮನ ಕೊಟ್ಟು ಆಡಿದೆ. ಯಾರಾದರೂ ಗಾರ್ಡನ್‌ಗೆ ಪ್ರಶ್ನೆ ಕೇಳಿದರೆ ಚೀಟಿಯಲ್ಲಿ ಒಂದು ಗೆರೆ ಎಳೆಯುವುದು ಅಂತ ಕೂತೆ.

ರೈಲು ಇಳಿಯುತ್ತೀರಿ. ಸಿಟಿ 17ರ ನಿಲ್ದಾಣ. ದಾರಿಗೆ ಅಡ್ಡ ನಿಂತ ಮುಖವಾಡದ ಪೊಲೀಸ್ ಒಬ್ಬ ಕೋಲಿನಿಂದ ಒಂದು ಖಾಲಿ ಡಬ್ಬಿಯನ್ನು ಕೆಳಗೆ ಬೀಳಿಸುತ್ತಾನೆ. ಎತ್ತು ಅನ್ನುತ್ತಾನೆ. ಕಸದ ಬುಟ್ಟಿಗೆ ಹಾಕು ಅನ್ನುತ್ತಾನೆ. ಹಾಕಿದರೆ ನಕ್ಕು ದಾರಿ ಬಿಡುತ್ತಾನೆ. ಅದನ್ನು ಅವನ ಮುಖಕ್ಕೇ ಎಸೆದರೆ ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ವಸ್ತು ಎತ್ತುವುದು, ಎಸೆಯುವುದು ಹೇಗೆ ಅಂತ ಕಲಿಸುವ ಪಾಠ ಇದು, ಆದರೆ ಒಂದು ಸಂಭಾಷಣೆಯೂ ಹೌದು. ಅವನು ಒಂದು ಮಾತಾಡಿದ, ನೀವು ಕೈಯಿಂದ ಉತ್ತರ ಕೊಟ್ಟಿರಿ, ಅವನು ಅದನ್ನು ಅರ್ಥಮಾಡಿಕೊಂಡು ಮರು ಉತ್ತರ ಕೊಟ್ಟ. ಗಾರ್ಡನ್ ತಗ್ಗಿಬಗ್ಗಿ ನಡೆಯುವವನೋ ಜಗಳಗಂಟನೋ ಅನ್ನುವುದು ಅಲ್ಲೇ ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ನೀವು.

ಅದಕ್ಕೂ ಸ್ವಲ್ಪ ಮುಂಚೆ ಇನ್ನೊಬ್ಬ ಪೊಲೀಸ್ ನಿಮ್ಮನ್ನು ವಿಚಾರಣೆಯ ಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಬಾಗಿಲು ಮುಚ್ಚಿ ಮುಖವಾಡ ತೆಗೆದರೆ ಹಳೇ ಗೆಳೆಯ ಬಾರ್ನಿ. ನಿಜ ಜೀವನದಲ್ಲಿ ಇಬ್ಬರು ಹೀಗೆ ಸಿಕ್ಕರೆ ಮೊದಲು ಬರುವುದೇ ಪ್ರಶ್ನೆ. ಎಲ್ಲಿದ್ದೆ ಇಷ್ಟು ದಿನ? ಹೇಗಿದ್ದೀಯ? ಬಾರ್ನಿ ಅದ್ಯಾವುದಕ್ಕೂ ಹೋಗುವುದಿಲ್ಲ. ತಾನು ಯಾರು ಅಂತ ಹೇಳುತ್ತಾನೆ, ನಿನಗೆ ಕುಡಿಸಬೇಕಿದ್ದ ಬಿಯರ್ ಬಾಕಿ ಇದೆ ಅಂತ ನೆನಪಿಸುತ್ತಾನೆ, ತಕ್ಷಣ ತಿರುಗಿ ಸ್ಕ್ರೀನ್‌ನಲ್ಲಿ ಡಾಕ್ಟರ್ ಕ್ಲೈನರ್‌ಗೆ ಕರೆ ಮಾಡುತ್ತಾನೆ. ಇಲ್ಲಿಂದ ಮಾತು ಅವರಿಬ್ಬರ ನಡುವೆ. ಇವನನ್ನು ಏನು ಮಾಡೋಣ, ಎಲ್ಲಿಗೆ ಕಳಿಸೋಣ ಅಂತ ಅವರು ಚರ್ಚೆ ಮಾಡುತ್ತಾರೆ, ನೀವು ಕೇಳಿಸಿಕೊಳ್ಳುತ್ತೀರಿ. ಇಬ್ಬರು ಮಾತಾಡುವಾಗ ಮೂರನೆಯವನು ಸುಮ್ಮನಿದ್ದರೆ ಯಾರಿಗೂ ಏನೂ ಅನಿಸುವುದಿಲ್ಲ, ಅಲ್ವಾ? ಈ ಆಟ ಈ ಉಪಾಯವನ್ನು ಮತ್ತೆ ಮತ್ತೆ ಬಳಸುತ್ತದೆ. ಸಾಧ್ಯವಿದ್ದಲ್ಲೆಲ್ಲ ಗಾರ್ಡನ್ ಮೂರನೆಯವನು.

ಆಮೇಲೆ ಅಲಿಕ್ಸ್ ವ್ಯಾನ್ಸ್ ಬರುತ್ತಾಳೆ. ಇಲ್ಲಿ ಕಷ್ಟ ಹೆಚ್ಚು, ಯಾಕಂದರೆ ಇಬ್ಬರೇ ಇದ್ದಾರೆ. ಅವಳು ಕೇಳಬಹುದಾದ ಪ್ರಶ್ನೆಯನ್ನು ತಾನೇ ಮುಗಿಸಿಬಿಡುತ್ತಾಳೆ. ನೀನು ಅಪ್ಪನ ಜೊತೆ ಬ್ಲ್ಯಾಕ್ ಮೇಸಾ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆ, ನಿನಗೆ ನನ್ನ ನೆನಪಿರಲಿಕ್ಕಿಲ್ಲ ಅನ್ನುತ್ತಾಳೆ. ನೆನಪಿದೆಯಾ ಅಂತ ಕೇಳುವುದಿಲ್ಲ. "ನೆನಪಿದೆಯಾ" ಅಂದಿದ್ದರೆ ಅಲ್ಲೊಂದು ತೂತು ಬೀಳುತ್ತಿತ್ತು. "ಇರಲಿಕ್ಕಿಲ್ಲ" ಅಂದಿದ್ದಕ್ಕೆ ಮೌನವೇ ಒಪ್ಪಿಗೆ ಆಯಿತು. ಕೊನೆಗೆ, ನೀನು ಬಹಳ ಕಡಿಮೆ ಮಾತಿನವನು ಅಲ್ಲವೇ ಅಂತ ಒಂದು ಚುಚ್ಚು ಮಾತು. ಎಲ್ಲ ಆಟಗಾರರ ಮನಸ್ಸಿನಲ್ಲಿದ್ದದ್ದನ್ನು ಅವಳೇ ಆಡಿ ಮುಗಿಸಿದಳು. ಒಂದೇ ಸಲ. ಇನ್ನೊಂದು ಸಲ ಆಡಿದ್ದರೆ ಹಳಸುತ್ತಿತ್ತು.

ಕ್ಲೈನರ್‌ನ ಪ್ರಯೋಗಶಾಲೆಯಲ್ಲಿ ಮೂರು ನಾಲ್ಕು ಜನ ಒಬ್ಬರ ಮೇಲೊಬ್ಬರು ಮಾತಾಡುತ್ತಿರುತ್ತಾರೆ. ನೀವು ಕೋಣೆ ತುಂಬಾ ಅಡ್ಡಾಡಬಹುದು. ಒಂದು ಪುಟ್ಟ ಟೆಲಿಪೋರ್ಟ್ ಯಂತ್ರವನ್ನು ಒತ್ತಿ ಆಟವಾಡಬಹುದು. ಯಂತ್ರ ಶುರು ಮಾಡುವ ಹೊತ್ತಿಗೆ ನೋಡಿದರೆ ಪ್ಲಗ್ ಕಳಚಿಕೊಂಡಿದೆ. ಗಾರ್ಡನ್, ಅದನ್ನು ಸ್ವಲ್ಪ ಸಿಕ್ಕಿಸು ಅನ್ನುತ್ತಾರೆ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನಿಗೆ ಪ್ಲಗ್ ಸಿಕ್ಕಿಸುವ ಕೆಲಸ. ನಗು ಬರುತ್ತದೆ. ಆದರೆ ಆ ಹೊತ್ತಿಗೆ ಆ ಕೋಣೆಯ ಮಾತುಕತೆಯಲ್ಲಿ ನಿಮಗೂ ಒಂದು ಪಾಲು ಬಂತು.

ಇನ್ನೊಂದು ಸೂಕ್ಷ್ಮ ಇದೆ. ಆ ಕಾಲಕ್ಕೆ ಅವರು ಪಾತ್ರಗಳ ಮುಖಕ್ಕೆ ಬಹಳ ಶ್ರಮ ಹಾಕಿದ್ದರು. ಮುಖದ ಸ್ನಾಯುಗಳ ಚಲನೆಯನ್ನು ವಿಂಗಡಿಸಿದ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಅವರ ಕೆಲಸವನ್ನು ಆಧಾರವಾಗಿ ಇಟ್ಟುಕೊಂಡಿದ್ದರು. ಅಲಿಕ್ಸ್ ಮಾತಾಡುವಾಗ ನೀವು ಎಡಕ್ಕೆ ಹೋದರೆ ಕಣ್ಣು ಎಡಕ್ಕೆ, ಮೇಜು ಹತ್ತಿದರೆ ಕಣ್ಣು ಮೇಲಕ್ಕೆ. ಎದುರಿನವರು ನಮ್ಮನ್ನು ನೋಡುತ್ತಿದ್ದಾರೆ ಅನಿಸಿದರೆ ಸಾಕು, ನಾವು ಮಾತುಕತೆಯೊಳಗೆ ಇದ್ದೇವೆ ಅನಿಸುತ್ತದೆ. ನಾಯಕನ ಮೌನ ನಿಲ್ಲುವುದು ಬೇರೆಯವರ ಕಣ್ಣಿನ ಮೇಲೆ. ಈ ಆಟದ ಬರಹಗಾರ ಮಾರ್ಕ್ ಲೇಡ್‌ಲಾ ಮೊದಲು ಕಾದಂಬರಿಕಾರ. ಕಾದಂಬರಿಯಲ್ಲಿ ನಾಯಕನ ತಲೆಯೊಳಗೆ ಇಳಿದು ಬರೆದವರು ಇಲ್ಲಿ ಆ ತಲೆಯನ್ನು ಖಾಲಿ ಬಿಟ್ಟು ಸುತ್ತಲಿನವರನ್ನು ಬರೆಯಬೇಕಾಯಿತು.

ನನ್ನ ಚೀಟಿಯಲ್ಲಿ ಗೆರೆಗಳು ಬಹಳ ಕಡಿಮೆ ಬಿದ್ದವು. ಬಿದ್ದವುಗಳಲ್ಲೂ ಮುಕ್ಕಾಲು ಪಾಲು ಬಾಯಿಮಾತಿನ ಪ್ರಶ್ನೆಗಳು, "ಗೊತ್ತಾಯ್ತಲ್ಲ?" ಅನ್ನುವ ಥರದವು. ಉತ್ತರಕ್ಕೆ ಕಾಯುವ ಪ್ರಶ್ನೆ ಹುಡುಕಿದರೂ ಸಿಗಲಿಲ್ಲ ಅನ್ನಬೇಕು.

ಆ ಚೀಟಿಯ ಬೆಲೆ ಗೊತ್ತಾಗಿದ್ದು ನಾನೇ ಬರೆಯಲು ಕೂತಾಗ.

ಗೆಳೆಯರು ಮೂವರು ಸೇರಿ ಬಿಡುವಿನಲ್ಲಿ ಒಂದು ಚಿಕ್ಕ ಆಟ ಮಾಡುತ್ತಿದ್ದೆವು. ಒಂದು ದ್ವೀಪ, ಒಂದು ದೀಪಸ್ತಂಭ, ಅದನ್ನು ನೋಡಿಕೊಳ್ಳುವ ಒಬ್ಬ ಅಜ್ಜ. ಆಡುವವರು ದೋಣಿಯಲ್ಲಿ ಬಂದು ಇಳಿಯುತ್ತಾರೆ. ಧ್ವನಿ ನಟರಿಗೆ ಕೊಡಲು ನಮ್ಮ ಹತ್ತಿರ ದುಡ್ಡು ಇರಲಿಲ್ಲ. ಒಬ್ಬ ಗೆಳೆಯನ ಮಾವ ಅಜ್ಜನ ದನಿ ಕೊಡಲು ಒಪ್ಪಿದ್ದರು. ನಾಯಕ ಮೂಕ ಅಂತ ಮೊದಲ ದಿನವೇ ತೀರ್ಮಾನ ಆಗಿತ್ತು. ಡೈಲಾಗ್ ಬರೆಯುವ ಕೆಲಸ ನನ್ನದು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ.

ಮೊದಲು ಬರೆದದ್ದು ಹೀಗಿತ್ತು:

"ಯಾರಪ್ಪಾ ನೀನು? ಎಲ್ಲಿಂದ ಬಂದೆ? ಈ ಗಾಳಿಯಲ್ಲಿ ಹೇಗೆ ದಾಟಿದೆ? ಒಳಗೆ ಬರ್ತೀಯಾ?"

ನಾಲ್ಕು ವಾಕ್ಯ, ನಾಲ್ಕು ಪ್ರಶ್ನೆ. ಪ್ರತಿಯೊಂದರ ನಂತರ ಎರಡು ಸೆಕೆಂಡ್ ಬಿಡುವು ಬೇರೆ ಇಟ್ಟಿದ್ದೆ, ಸಹಜವಾಗಿರಲಿ ಅಂತ. ಆಡಿ ನೋಡಲು ಒಬ್ಬ ಸ್ನೇಹಿತನನ್ನು ಕೂರಿಸಿದೆವು. ಮೊದಲ ಪ್ರಶ್ನೆ ಬಂದಾಗ ಅವನು ಕಂಟ್ರೋಲರ್‌ನ ಎಲ್ಲ ಗುಂಡಿ ಒತ್ತಿದ. ಎರಡನೆಯದಕ್ಕೆ ಸ್ಕ್ರೀನ್‌ನ ಮೂಲೆಗಳನ್ನು ನೋಡಿದ, ಉತ್ತರದ ಪಟ್ಟಿ ಎಲ್ಲಾದರೂ ಬಂದಿದೆಯಾ ಅಂತ. ಮೂರನೆಯದಕ್ಕೆ ನನ್ನ ಮುಖ ನೋಡಿದ. "ಹ್ಯಾಂಗ್ ಆಯ್ತಾ?" ಅಂದ. ಅಜ್ಜ ಮಾತ್ರ ಎರಡೆರಡು ಸೆಕೆಂಡ್ ಕಾಯುತ್ತಾ, ಉತ್ತರ ಬಂದಂತೆ ತಲೆಯಾಡಿಸುತ್ತಾ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದ. ಗೋಡೆಯ ಜೊತೆ ಮಾತಾಡುವವನ ಹಾಗೆ.

ಮೂಕ ನಾಯಕ ಕೆಟ್ಟಿದ್ದಾನೆ ಅಂತ ಗೊತ್ತಾಗುವುದು ಆ ಎರಡು ಸೆಕೆಂಡಿನಲ್ಲಿ. ಪ್ರಶ್ನೆ ಮುಗಿದು ಮುಂದಿನ ಮಾತು ಶುರುವಾಗುವ ಮುಂಚೆ ಒಂದು ತೂತು. ನಾಯಕನ ಬಾಯಿ ಎಲ್ಲಿರಬೇಕಿತ್ತೋ ಅಲ್ಲಿ. 2019ರ ಮೆಟ್ರೋ ಎಕ್ಸೊಡಸ್ ಆಡುವಾಗ ನನಗೆ ಈ ತೂತು ಪದೇ ಪದೇ ಸಿಕ್ಕಿತು. ಒಳ್ಳೆಯ ಆಟ, ತುಂಬಾ ಇಷ್ಟಪಟ್ಟು ಆಡಿದ್ದು. ಅದರ ನಾಯಕ ಆರ್ಟ್ಯೋಮ್ ಲೋಡಿಂಗ್ ಸ್ಕ್ರೀನ್‌ನಲ್ಲಿ ನಿರರ್ಗಳವಾಗಿ ಕಥೆ ಹೇಳುತ್ತಾನೆ. ಆಟ ಶುರುವಾದರೆ ಮೂಕ. ರೇಡಿಯೋದಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಉತ್ತರ ಕೊಡುವುದಿಲ್ಲ. ಹೆಂಡತಿ ಆನ್ನಾ ಪಕ್ಕದಲ್ಲಿ ಕೂತು ಮುಂದಿನ ಬದುಕಿನ ಬಗ್ಗೆ ಮಾತಾಡುತ್ತಾಳೆ, ಇವನು ಕೂತೇ ಇರುತ್ತಾನೆ. ಅವನಿಗೆ ದನಿ ಇದೆ ಅಂತ ನಮಗೆ ಆಗಲೇ ಗೊತ್ತು. ಕೇಳಿದ್ದೇವೆ. ಹಾಗಾಗಿ ಆ ಮೌನ ನಮ್ಮದು ಅನಿಸುವುದಿಲ್ಲ, ಅವನ ಬಿಗುಮಾನ ಅನಿಸುತ್ತದೆ. ನನ್ನ ತಂಗಿಯಾದರೆ "ಹೆಂಡತಿ ಜೊತೆ ಜಗಳ ಆಗಿದೆಯಾ?" ಅಂತಲೇ ಕೇಳಿಬಿಡುತ್ತಿದ್ದಳು.

ಮತ್ತೆ ನಮ್ಮ ಅಜ್ಜ. ಎರಡನೇ ಸಲ ಬರೆದಾಗ ಪ್ರಶ್ನೆಗಳನ್ನೆಲ್ಲ ಊಹೆಗಳಾಗಿ ಮಾಡಿದೆ:

"ಆ ದೋಣಿ ನೋಡಿದರೆ ಉತ್ತರದ ಕಡೆಯವನು ಅನ್ಸುತ್ತೆ. ಈ ಗಾಳಿಯಲ್ಲಿ ದಾಟಿದೀಯ ಅಂದ್ರೆ ಧೈರ್ಯ ಇರಬೇಕು. ಇಲ್ಲ ಬುದ್ಧಿ ಇರಬಾರದು."

ಮಾತು ಹೇಗೆ ಬದಲಾಯಿತು ನೋಡಿ. ಕೇಳಿದ ಕೂಡಲೇ ಅಜ್ಜನಿಗೇ ಒಂದು ಗುಣ ಬಂತು. ಅವನು ಕಣ್ಣಿಟ್ಟು ನೋಡುವವನು, ಸ್ವಲ್ಪ ಕಟಕಿ. ಪ್ರಶ್ನೆ ಕೇಳುತ್ತಿದ್ದಾಗ ಅವನು ಯಾರೂ ಆಗಿರಲಿಲ್ಲ, ಅರ್ಜಿ ತುಂಬಿಸುವ ಗುಮಾಸ್ತನ ಹಾಗಿದ್ದ. ನಾಯಕನ ಬಾಯಿ ಕಟ್ಟಿದ್ದಕ್ಕೆ ಲಾಭ ಆಗಿದ್ದು ಎದುರಿನವನಿಗೆ. ಪೋರ್ಟಲ್‌ನ ಗ್ಲಾಡೋಸ್ ಇದರ ತುತ್ತತುದಿ ಅನ್ನಬಹುದು. ಆ ಯಂತ್ರ ಇಡೀ ಆಟ ಒಬ್ಬಳೇ ಬೈಯುತ್ತದೆ, ಅಣಕಿಸುತ್ತದೆ, ಬೇಡಿಕೊಳ್ಳುತ್ತದೆ. ಕೇಳಿಸಿಕೊಳ್ಳುವ ನಾಯಕಿ ಶೆಲ್ ಒಂದು ಶಬ್ದ ಆಡುವುದಿಲ್ಲ. ಎರಡನೇ ಭಾಗದ ಕೊನೆಯಲ್ಲಿ ಗ್ಲಾಡೋಸ್ ಅವಳನ್ನು ಅಪಾಯಕಾರಿ ಮೂಕ ಹುಚ್ಚಿ ಅಂತ ಕರೆಯುತ್ತದೆ. ಶೆಲ್ ತಿರುಗಿ ಬೈದಿದ್ದರೆ ಅದೊಂದು ಮಾಮೂಲಿ ಜಗಳ ಆಗುತ್ತಿತ್ತು. ಸುಮ್ಮನಿರುವವರ ಮುಂದೆ ಮಾತಾಡುವವರು ತಮ್ಮನ್ನೇ ಬಿಚ್ಚಿಡುತ್ತಾರೆ.

ಉಳಿದದ್ದು ಒಂದೇ, "ಒಳಗೆ ಬರ್ತೀಯಾ?". ಅದನ್ನು ಊಹೆ ಮಾಡಲು ಬರುವುದಿಲ್ಲ, ಒಪ್ಪಿಗೆ ಬೇಕು. ಅದಕ್ಕೆ ಮಾತನ್ನೇ ತೆಗೆದು ಒಂದು ಹಗ್ಗ ಇಟ್ಟೆವು. ಅಜ್ಜ ದೋಣಿಯ ಹಗ್ಗವನ್ನು ನಿಮ್ಮ ಕಡೆ ಚಾಚಿ "ಹಿಡ್ಕೋ" ಅನ್ನುತ್ತಾನೆ. ಗುಂಡಿ ಒತ್ತಿ ಹಿಡಿದರೆ ನೀವೂ ಎಳೆಯುತ್ತೀರಿ, ದೋಣಿ ದಡಕ್ಕೆ ಬರುತ್ತದೆ. ಹಿಡಿಯದಿದ್ದರೆ ಸ್ವಲ್ಪ ಹೊತ್ತು ನೋಡಿ, ಗೊಣಗಿ, ತಾನೇ ಎಳೆಯುತ್ತಾನೆ. ಎರಡಕ್ಕೂ ಒಂದೊಂದು ಮಾತು ಬರೆದೆ. ಮೂರು ದಿನ ಬೇಕಾಯಿತು ಈ ಅರ್ಧ ನಿಮಿಷಕ್ಕೆ.

ದುಡ್ಡಿನ ಮಾತು ಬಂದಿತಲ್ಲ. ಮೂಕ ನಾಯಕ ಅಂದರೆ ಉಳಿತಾಯ ಅನ್ನುವವರಿದ್ದಾರೆ. ನಮ್ಮಂಥವರಿಗೆ ಅದು ನಿಜ. ಆದರೆ ದುಡ್ಡು ಇದ್ದವರು ದನಿ ಕೊಟ್ಟಾಗ ಏನಾಯಿತು ಅನ್ನುವುದಕ್ಕೆ 2015ರ ಫಾಲ್‌ಔಟ್ 4 ನೋಡಬೇಕು. ಅದಕ್ಕೂ ಹಿಂದಿನ ಫಾಲ್‌ಔಟ್‌ಗಳಲ್ಲಿ ನಾಯಕನಿಗೆ ದನಿ ಇರಲಿಲ್ಲ. ಉತ್ತರಗಳ ಪಟ್ಟಿ ಇರುತ್ತಿತ್ತು, ಪೂರ್ತಿ ವಾಕ್ಯಗಳು. ಓದಿ ಒಂದನ್ನು ಆರಿಸುವುದು. ನಾಲ್ಕನೆಯದರಲ್ಲಿ ಗಂಡು ನಾಯಕನಿಗೆ ಒಬ್ಬರು, ಹೆಣ್ಣು ನಾಯಕಿಗೆ ಒಬ್ಬರು ನಟರನ್ನು ಕೂರಿಸಿ ಒಬ್ಬೊಬ್ಬರಿಂದ ಸುಮಾರು 13,000 ಸಾಲು ಹೇಳಿಸಿದರು. ಪ್ರತಿ ಉತ್ತರವನ್ನೂ ಎರಡು ಸಲ ರೆಕಾರ್ಡ್ ಮಾಡಬೇಕು ಅಂದಮೇಲೆ ಉತ್ತರಗಳು ಕಡಿಮೆಯಾದವು. ಕಂಟ್ರೋಲರ್‌ನ ನಾಲ್ಕು ಗುಂಡಿಗೆ ನಾಲ್ಕು ಆಯ್ಕೆ, ಅವೂ ಒಂದೆರಡು ಪದದವು. ವ್ಯಂಗ್ಯ ಅಂತ ಬರೆದದ್ದನ್ನು ಒತ್ತಿದರೆ ಅವನ ಬಾಯಿಂದ ಏನು ಬರುತ್ತದೋ ದೇವರೇ ಬಲ್ಲ. ನಾನು ಮೆಲ್ಲಗೆ ಕಿಚಾಯಿಸೋಣ ಅಂದುಕೊಂಡರೆ ಅವನು ಅವಮಾನ ಮಾಡಿ ಬರುತ್ತಿದ್ದ. ಪೂರ್ತಿ ವಾಕ್ಯ ಮೊದಲೇ ತೋರಿಸುವ ಒಂದು ಮಾಡ್ ಅನ್ನು ಆಟಗಾರರೇ ಮಾಡಿಕೊಂಡರು, ನಾನೂ ಹಾಕಿಕೊಂಡೆ. ಅದೇ ಕಂಪನಿಯ 2023ರ ಸ್ಟಾರ್‌ಫೀಲ್ಡ್‌ನಲ್ಲಿ ನಾಯಕನ ದನಿ ಮತ್ತೆ ಮಾಯ, ಪಟ್ಟಿ ವಾಪಸ್.

ಹಾಗಂತ ದನಿ ಕೊಟ್ಟರೆ ಕೆಡುತ್ತದೆ ಅಂತಲ್ಲ. ಡೆಡ್ ಸ್ಪೇಸ್‌ನ ಐಸಾಕ್ ಕ್ಲಾರ್ಕ್ 2008ರ ಮೊದಲ ಆಟದಲ್ಲಿ ಮೂಕ. 2011ರ ಎರಡನೆಯದರಲ್ಲಿ ಮಾತಾಡಿದ. 2023ರಲ್ಲಿ ಮೊದಲ ಆಟವನ್ನೇ ಮತ್ತೆ ಮಾಡಿದಾಗ ಅಲ್ಲೂ ಮಾತು ಕೊಟ್ಟರು. ನನಗೆ ಅದೇ ಸರಿ ಅನಿಸುತ್ತದೆ. ಆ ಆಟದಲ್ಲಿ ಕ್ಯಾಮೆರಾ ಅವನ ಬೆನ್ನ ಹಿಂದೆ. ನಾವು ಅವನ ಕಣ್ಣಿಂದ ನೋಡುತ್ತಿಲ್ಲ, ಅವನನ್ನೇ ನೋಡುತ್ತಿದ್ದೇವೆ. ಎದುರಿಗೆ ಕಾಣುವ ಮನುಷ್ಯ ಗೆಳತಿಯನ್ನು ಹುಡುಕುತ್ತಾ ಹೋಗಿ ಒಂದು ಮಾತೂ ಆಡದಿದ್ದರೆ ಕಸಿವಿಸಿ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ಆಟದ ಕಥೆಯೇ ಅವನ ತಲೆಯೊಳಗಿನ ಪೆಟ್ಟು, ಅಪರಾಧಿ ಭಾವ. ಅದನ್ನು ಆಡುವವರು ಹೊರಗಿಂದ ತಂದು ತುಂಬಿಸಲು ಬರುವುದಿಲ್ಲ. ನಾನು ಗಾರ್ಡನ್‌ಗೆ ನನ್ನ ಕುತೂಹಲ, ನನ್ನ ತುಂಟತನ, ನನ್ನ ಭಯ ಕೊಡಬಲ್ಲೆ. ಐಸಾಕ್‌ನ ದುಃಖ ನನ್ನ ಹತ್ತಿರ ಇಲ್ಲ.

ವಾಲ್ವ್‌ನವರೂ ಈ ಗೋಡೆಗೆ ತಲೆ ಹೊಡೆದುಕೊಂಡಿದ್ದಾರೆ ಅಂತ ನನ್ನ ಗುಮಾನಿ. ಎಪಿಸೋಡ್ ಟೂ ಆಡದವರು ಈ ಪ್ಯಾರಾ ಬಿಟ್ಟುಬಿಡಿ. ಕೊನೆಯಲ್ಲಿ ಅಲಿಕ್ಸ್‌ಳ ಅಪ್ಪ ಈಲೈಯನ್ನು ಅವಳ ಕಣ್ಣೆದುರೇ ಕೊಲ್ಲುತ್ತಾರೆ. ಆ ಹೊತ್ತಿಗೆ ಒಂದು ಜೀವಿ ಗಾರ್ಡನ್‌ನನ್ನು ಗಾಳಿಯಲ್ಲಿ ಎತ್ತಿ ಗೋಡೆಗೆ ಒತ್ತಿ ಹಿಡಿದಿರುತ್ತದೆ. ಅಲುಗಾಡಲು ಆಗುವುದಿಲ್ಲ. ಇಡೀ ಸರಣಿಯಲ್ಲಿ ನಮ್ಮ ಕೈ ಕಟ್ಟುವುದು ಬಹಳ ಅಪರೂಪ, ಇಲ್ಲಿ ಕಟ್ಟಿದರು. ಆಮೇಲೆ ಅಲಿಕ್ಸ್ ಅಪ್ಪನ ಮೇಲೆ ಬಿದ್ದು ಅಳುತ್ತಾಳೆ. ಪಕ್ಕದಲ್ಲಿ ಇರುವವರು ಏನಾದರೂ ಹೇಳಲೇಬೇಕಾದ ಕ್ಷಣ ಅದು. ಪ್ಲಗ್ ಸಿಕ್ಕಿಸಿ, ಡಬ್ಬಿ ಎಸೆದು ತಪ್ಪಿಸಿಕೊಳ್ಳುವಂತಿಲ್ಲ. ಸರಿಯಾಗಿ ಅಲ್ಲೇ ಸ್ಕ್ರೀನ್ ಕಪ್ಪಾಗುತ್ತದೆ, ಆಟ ಮುಗಿಯುತ್ತದೆ. ಅವಳ ಅಳು ಮಾತ್ರ ಕೇಳಿಸುತ್ತದೆ. ಆ ಕಥೆ ಅಲ್ಲಿಂದ ಮುಂದಕ್ಕೆ ವರ್ಷಗಟ್ಟಲೆ ಹೋಗಲೇ ಇಲ್ಲ. 2020ರಲ್ಲಿ ಹಾಫ್-ಲೈಫ್ ವಾಪಸ್ ಬಂದಾಗ ನಾಯಕಿ ಅಲಿಕ್ಸ್, ಅವಳು ಶುರುವಿನಿಂದಲೇ ಮಾತಾಡುತ್ತಾಳೆ. ಕಿವಿಯಲ್ಲಿ ರಸೆಲ್ ಅನ್ನುವವನು ಹರಟೆ ಹೊಡೆಯುತ್ತಾನೆ, ಅವಳು ತಿರುಗಿ ಕಾಲೆಳೆಯುತ್ತಾಳೆ. ಅದನ್ನು ಆಡಲು ಮೊದಲ ಸಲ ವಿಆರ್ ಹೆಡ್‌ಸೆಟ್ ಹಾಕಿಕೊಂಡಾಗ ನನ್ನದೇ ತಲೆಯೊಳಗಿಂದ ಬೇರೆಯವರ ದನಿ ಬಂದು ಬೆಚ್ಚಿಬಿದ್ದೆ. ಹತ್ತು ನಿಮಿಷದಲ್ಲಿ ಒಗ್ಗಿಹೋಯಿತು.

ನಮ್ಮ ದ್ವೀಪದ ಆಟ ಪೂರ್ತಿ ಆಗಲಿಲ್ಲ. ಮೂವರಿಗೂ ಬೇರೆ ಬೇರೆ ಕೆಲಸ ಬಂತು. ಆದರೆ ಹಗ್ಗದ ದೃಶ್ಯ ಮುಗಿಸಿ, ಮೊದಲು "ಹ್ಯಾಂಗ್ ಆಯ್ತಾ" ಅಂದಿದ್ದ ಸ್ನೇಹಿತನನ್ನೇ ಮತ್ತೆ ಕೂರಿಸಿದೆವು. ಅಜ್ಜ ಹಗ್ಗ ಚಾಚಿದ. ಇವನು ಗುಂಡಿ ಒತ್ತಿ ಹಿಡಿದ. ದೋಣಿ ಅರ್ಧ ದಾರಿ ಬಂದಾಗ ಅಜ್ಜನದೊಂದು ಮಾತು ಇತ್ತು: "ಸಾಕು ಬಿಡು, ಇನ್ನು ನಾನು ಎಳ್ಕೋತೀನಿ."

ಇವನು ಸ್ಕ್ರೀನ್ ಕಡೆ ನೋಡುತ್ತಾ, "ಇರಲಿ ಬಿಡಿ ಅಜ್ಜಾ, ನಾನೇ ಹಿಡ್ಕೋತೀನಿ" ಅಂದ. ಗುಂಡಿ ಬಿಡಲಿಲ್ಲ.

ಬಿಡದಿದ್ದರೆ ಅಜ್ಜ ಏನು ಹೇಳಬೇಕು ಅಂತ ನಾನು ಬರೆದೇ ಇರಲಿಲ್ಲ. ದೋಣಿ ದಡಕ್ಕೆ ಬಂದರೂ ಅಜ್ಜ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಾ ನಿಂತಿದ್ದ.